ಆ್ಯಪ್‌ನಲ್ಲಿ ‘ಪಾವತಿಯಾಗಿದೆ’, ಕರೆಂಟ್ ಬಿಲ್‌ನಲ್ಲಿ ‘ಬಾಕಿ’: ಹಣ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಫೋನ್‌ನಲ್ಲಿ ಹಸಿರು ಟಿಕ್ ಬಿದ್ದಿರುತ್ತದೆ, ಬ್ಯಾಂಕಿನಿಂದ ಹಣ ಕಡಿತವಾದ ಎಸ್ಸೆಮ್ಮೆಸ್ಸೂ ಬಂದಿರುತ್ತದೆ. ಆದರೂ ಹೊಸ ಬಿಲ್ಲಿನಲ್ಲಿ ಹಿಂದಿನ ಬಾಕಿ ಹಾಗೇ ಕೂತಿರುತ್ತದೆ. ತಕ್ಷಣ ಮತ್ತೊಮ್ಮೆ ಕಟ್ಟಿಬಿಡೋಣ ಅನಿಸುವುದು ಸಹಜ. ಕಟ್ಟುವ ಮೊದಲು ಹತ್ತು ನಿಮಿಷ ಕೂತು ಹಣ ಯಾವ ಹಂತದಲ್ಲಿದೆ ಎಂದು ನೋಡಿ. ಎಲ್ಲಿಗೆ ದೂರು ಕೊಡಬೇಕೆಂಬುದು ಅದರ ಮೇಲೆಯೇ ನಿಂತಿದೆ.

ಆ್ಯಪ್‌ನಿಂದ ಬಿಲ್ ಕಟ್ಟುವಾಗ ನಡೆಯುವುದು ಒಂದಲ್ಲ, ಎರಡು ವ್ಯವಹಾರ. ಮೊದಲನೆಯದರಲ್ಲಿ ಯುಪಿಐ ಮೂಲಕ ನಿಮ್ಮ ಖಾತೆಯ ಹಣ ಆ್ಯಪ್ ಕಂಪನಿಯ ಕಡೆಗೆ ಹೋಗುತ್ತದೆ. ಎರಡನೆಯದರಲ್ಲಿ ‘ಈ ಗ್ರಾಹಕರ ಈ ಬಿಲ್ ಕಟ್ಟಲಾಗಿದೆ’ ಎಂಬ ಮಾಹಿತಿ ಆ್ಯಪ್‌ನಿಂದ ಭಾರತ್ ಕನೆಕ್ಟ್ ಜಾಲಕ್ಕೆ, ಅಲ್ಲಿಂದ ವಿದ್ಯುತ್ ಅಥವಾ ಗ್ಯಾಸ್ ಕಂಪನಿಯ ಪರ ಹಣ ಪಡೆಯುವ ಸಂಸ್ಥೆಗೆ, ಕೊನೆಗೆ ಕಂಪನಿಯ ಲೆಕ್ಕಕ್ಕೆ ತಲುಪುತ್ತದೆ. ಭಾರತ್ ಕನೆಕ್ಟ್ ಎಂದರೆ ಮೊದಲು ಬಿಬಿಪಿಎಸ್ ಎನ್ನುತ್ತಿದ್ದ ವ್ಯವಸ್ಥೆಯೇ. ಮಾಹಿತಿ ಮೊದಲು ಹೋಗುತ್ತದೆ, ಸಂಸ್ಥೆಗಳ ನಡುವೆ ಹಣದ ಲೆಕ್ಕ ಆಮೇಲೆ ಚುಕ್ತಾ ಆಗುತ್ತದೆ. ಬ್ಯಾಂಕಿನ ಎಸ್ಸೆಮ್ಮೆಸ್ ಮೊದಲ ವ್ಯವಹಾರಕ್ಕೆ ಮಾತ್ರ ಸಾಕ್ಷಿ. ಎರಡನೆಯದು ಮುಗಿಯಿತೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ಮೊದಲು ರಸೀದಿ ತೆರೆಯಿರಿ

ಆ್ಯಪ್‌ನ ಹಿಸ್ಟರಿಯಲ್ಲಿ ಆ ಪಾವತಿಯನ್ನು ಒತ್ತಿ ಪೂರ್ತಿ ವಿವರ ನೋಡಿ. ಅಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಯುಟಿಆರ್ ಎಂಬ ಹನ್ನೆರಡು ಅಂಕಿಯದು ಯುಪಿಐಗೆ ಸೇರಿದ್ದು, ಬ್ಯಾಂಕಿನವರಿಗೆ ಬೇಕಾದದ್ದು. ಇನ್ನೊಂದು ಅಕ್ಷರ, ಅಂಕಿ ಬೆರೆತ ಉದ್ದನೆಯ ಸಂಖ್ಯೆ. ಅದರ ಪಕ್ಕ `B-Connect Txn ID` ಎಂದೋ ಅಂಥದ್ದೇ ಹೆಸರೋ ಇರುತ್ತದೆ. ಬಿಲ್ ಪಾವತಿಯ ಗುರುತು ಇದೇ. ಎಷ್ಟೋ ಜನ ವಿದ್ಯುತ್ ಕಚೇರಿಯ ಕೌಂಟರಿನಲ್ಲಿ ಯುಟಿಆರ್ ತೋರಿಸಿ ವಾದಕ್ಕೆ ನಿಲ್ಲುತ್ತಾರೆ. ಅಲ್ಲಿನ ಸಿಬ್ಬಂದಿಗೆ ಅದರಿಂದ ಏನನ್ನೂ ಹುಡುಕಲು ಆಗುವುದಿಲ್ಲ.

ಯುಟಿಆರ್ ಇದೆ, ಎರಡನೆಯ ಸಂಖ್ಯೆ ಇಲ್ಲ, ಸ್ಥಿತಿ ‘ಪೆಂಡಿಂಗ್’ ಅಥವಾ ‘ಪ್ರೊಸೆಸಿಂಗ್’ ಎಂದಿದೆ ಎಂದರೆ ಹಣ ಆ್ಯಪ್‌ನ ಬಳಿಯೇ ನಿಂತಿರುವ ಸಾಧ್ಯತೆ ಹೆಚ್ಚು. ವಿದ್ಯುತ್ ಕಂಪನಿಗೆ ಇದರ ಸುದ್ದಿಯೇ ಇರುವುದಿಲ್ಲ, ಅವರ ಮೇಲೆ ರೇಗಿ ಫಲವಿಲ್ಲ. ಬಿಲ್ ಪಾವತಿ ವಿಫಲವಾದರೆ ಹಣ ವಾಪಸ್ ಬರಬೇಕು. ಯುಪಿಐನಲ್ಲಿ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಸಿಗದಿದ್ದರೆ ವ್ಯವಹಾರದ ದಿನದಿಂದ ಐದು ದಿನದೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ.

ಖಾತೆ ಸಂಖ್ಯೆ ನಿಮ್ಮದೇ ತಾನೆ?

ಎರಡೂ ಸಂಖ್ಯೆಗಳಿದ್ದು ಸ್ಥಿತಿ ‘ಸಕ್ಸಸ್’ ಎಂದಿದ್ದರೆ, ಮುಂದಿನದು ಕಾಗದದ ಬಿಲ್ಲು. ಬೆಸ್ಕಾಂ ಬಿಲ್ಲಿನಲ್ಲಿ ಹತ್ತು ಅಂಕಿಯ ಅಕೌಂಟ್ ಐಡಿ ಇರುತ್ತದೆ. ಅದನ್ನು ರಸೀದಿಯಲ್ಲಿರುವುದರ ಜತೆ ಒಂದೊಂದೇ ಅಂಕಿ ಹಿಡಿದು ಹೋಲಿಸಿ. ಬಾಡಿಗೆ ಮನೆ ಬದಲಿಸಿದವರ ಆ್ಯಪ್‌ನಲ್ಲಿ ಹಳೆಯ ಮನೆಯ ಸಂಪರ್ಕ ಉಳಿದುಕೊಂಡಿರುತ್ತದೆ. ಬಿಲ್ ಬಂದಿದೆ ಎಂಬ ನೆನಪಿನ ಸೂಚನೆಯೂ ಅದರದ್ದೇ ಬರುತ್ತದೆ, ಬೆರಳು ಅಲ್ಲಿಗೇ ಹೋಗುತ್ತದೆ. ಒಂದೇ ಕಟ್ಟಡದಲ್ಲಿ ಮೂರ್ನಾಲ್ಕು ಮೀಟರ್ ಇರುವಲ್ಲಿ ಕೆಳಮನೆಯ ಬಿಲ್ ಮೇಲ್ಮನೆಯವರು ಕಟ್ಟಿದ್ದೂ ಉಂಟು. ಬಿಲ್ ತೋರಿಸುವಾಗ ಆ್ಯಪ್ ಗ್ರಾಹಕರ ಹೆಸರನ್ನೂ ತೋರಿಸುತ್ತದೆ, ಆದರೆ ಮೀಟರ್ ಮಾಲೀಕರ ಹೆಸರಿನಲ್ಲಿದ್ದಾಗ ಬಾಡಿಗೆಯವರು ಅದನ್ನು ಗಮನಿಸುವುದೇ ಇಲ್ಲ. ಪೈಪ್ ಗ್ಯಾಸ್‌ನ ಗ್ರಾಹಕ ಸಂಖ್ಯೆಯದ್ದೂ ಇದೇ ಕಥೆ.

ಹೀಗಾಗಿದ್ದರೆ ಆ್ಯಪ್‌ನವರು ಹಣ ವಾಪಸ್ ಕೊಡುವುದಿಲ್ಲ. ಅವರ ಲೆಕ್ಕದಲ್ಲಿ ಪಾವತಿ ಸರಿಯಾಗಿಯೇ ಮುಗಿದಿದೆ. ಎರಡೂ ಅಕೌಂಟ್ ಐಡಿ, ರಸೀದಿಯ ಪ್ರತಿ, ನಿಮ್ಮ ಬಿಲ್ಲಿನ ಪ್ರತಿ ಇಟ್ಟು, ಮೊತ್ತವನ್ನು ನಿಮ್ಮ ಖಾತೆಗೆ ವರ್ಗಾಯಿಸುವಂತೆ ಎಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಕೊಡಬೇಕು. ಸ್ವೀಕೃತಿ ಪಡೆಯದೆ ಬರಬೇಡಿ. ಹಣ ಬಿದ್ದ ಖಾತೆಯವರಿಂದ ಒಪ್ಪಿಗೆಯ ಎರಡು ಸಾಲು ಬರೆಸಿಕೊಂಡು ಹೋದರೆ ಕೆಲಸ ಹಗುರ.

ದಿನಾಂಕಗಳ ಎಡವಟ್ಟು

ನನಗೆ ಕಂಡಂತೆ ಗಾಬರಿ ಹುಟ್ಟಿಸುವ ಹೆಚ್ಚಿನ ‘ಬಾಕಿ’ಗಳಲ್ಲಿ ಹಣ ಎಲ್ಲೂ ಸಿಕ್ಕಿಕೊಂಡಿರುವುದೇ ಇಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಮನೆಗೆ ಕಳೆದ ತಿಂಗಳ ಬಿಲ್ 1,264 ರೂಪಾಯಿ. ಗಡುವು ಮುಗಿದ ಮೇಲೆ, 30ರ ರಾತ್ರಿ ಆ್ಯಪ್‌ನಲ್ಲಿ ಕಟ್ಟಿದರು. ಮರುದಿನ ಬೆಳಿಗ್ಗೆಯೇ ಮೀಟರ್ ರೀಡರ್ ಬಂದು ಕೈಯಲ್ಲಿನ ಯಂತ್ರದಿಂದ 2,394 ರೂಪಾಯಿಯ ಬಿಲ್ ಹರಿದುಕೊಟ್ಟರು. ಆ ಯಂತ್ರಕ್ಕೆ ಬಾಕಿಯ ಪಟ್ಟಿ ಮೊದಲೇ ತುಂಬಿದ್ದಾಗಿತ್ತು, ರಾತ್ರಿಯ ಪಾವತಿ ಅದರೊಳಗೆ ಬಂದಿರಲಿಲ್ಲ. 2,394ರಲ್ಲಿ 1,264 ಕಳೆದರೆ ಉಳಿಯುವುದು 1,130. ಅದು ಈ ತಿಂಗಳ ಬಳಕೆಯ ಮೊತ್ತ. ಬಿಲ್ಲಿನ ‘ಹಿಂದಿನ ಬಾಕಿ’ ಸಾಲಿನಲ್ಲಿ ನೀವು ಕಟ್ಟಿದ ಮೊತ್ತವೇ ಚೂರೂ ಹೆಚ್ಚುಕಡಿಮೆಯಿಲ್ಲದೆ ಇದ್ದರೆ ಆಗಿರುವುದು ಇದೇ ಎಂದು ಬಹುಮಟ್ಟಿಗೆ ಹೇಳಬಹುದು. ಕೆಲವು ರೂಪಾಯಿ ಮಾತ್ರ ಬಾಕಿ ಎಂದಿದ್ದರೆ ಅದು ತಡವಾಗಿ ಕಟ್ಟಿದ್ದಕ್ಕೆ ಹಾಕಿದ ಬಡ್ಡಿಯಾಗಿರಬಹುದು.

ಇಂಥ ವೇಳೆ ಎರಡು ಮೂರು ಕೆಲಸದ ದಿನ ಬಿಟ್ಟು ಎಸ್ಕಾಂನ ಸ್ವಂತ ವೆಬ್‌ಸೈಟ್‌ನಲ್ಲೋ ಆ್ಯಪ್‌ನಲ್ಲೋ ಅಕೌಂಟ್ ಐಡಿ ಹಾಕಿ ಈಗಿನ ಬಾಕಿ ನೋಡಿ. ಕಾಗದದ ಮೇಲಿನ ಅಂಕಿ ಮತ್ತೆ ಬದಲಾಗದು, ಅಲ್ಲಿನದು ಬದಲಾಗುತ್ತದೆ. ಪೂರ್ತಿ 2,394 ಕಟ್ಟಿಬಿಟ್ಟಿದ್ದರೂ ಹೆಚ್ಚಾದ ಹಣ ಮುಳುಗಲಿಲ್ಲ, ಖಾತೆಯಲ್ಲಿ ಜಮೆಯಾಗಿ ಮುಂದಿನ ಬಿಲ್ಲಿಗೆ ಹೊಂದಿಕೆಯಾಗುತ್ತದೆ. ಆದರೆ ಅಷ್ಟು ದಿನ ನಿಮ್ಮ ದುಡ್ಡು ಅಲ್ಲಿರುತ್ತದೆ.

ಎಲ್ಲ ಸರಿಯಿದ್ದೂ ಜಮೆ ಆಗದಿದ್ದರೆ

‘ಸಕ್ಸಸ್’ ಇದೆ, ಖಾತೆ ಸಂಖ್ಯೆ ಸರಿ, ಮೂರು ಕೆಲಸದ ದಿನ ಕಳೆದಿದೆ, ಆದರೂ ಕಂಪನಿಯ ವೆಬ್‌ಸೈಟ್ ಬಾಕಿ ಎನ್ನುತ್ತಿದೆ. ಆಗ ಹಣ ಪಡೆದ ಆ್ಯಪ್‌ನಲ್ಲೇ ಮೊದಲ ದೂರು ಹಾಕಿ. ಕರೆ ಮಾಡುವುದಕ್ಕಿಂತ, ಆ ಪಾವತಿಯ ಪುಟದಲ್ಲಿರುವ ಸಹಾಯ ಅಥವಾ ದೂರಿನ ಗುಂಡಿ ಒತ್ತಿ ‘ಪಾವತಿ ಯಶಸ್ವಿ, ಬಿಲ್ಲರ್ ಖಾತೆಗೆ ಜಮೆಯಾಗಿಲ್ಲ’ ಎಂಬ ಅರ್ಥದ ಆಯ್ಕೆಯನ್ನೇ ಆರಿಸುವುದು ಒಳ್ಳೆಯದು. ಹಾಗೆ ಹಾಕಿದ ದೂರು ಭಾರತ್ ಕನೆಕ್ಟ್ ಮೂಲಕ ಕಂಪನಿಯ ಕಡೆಯವರಿಗೂ ಹೋಗುತ್ತದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನವಾದರೂ ಪರಿಹಾರ ಸಿಗದಿದ್ದರೆ `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅಲ್ಲಿ ಮೊದಲು ಕೇಳುವುದೇ ನೀವು ಆ್ಯಪ್‌ಗೆ ದೂರು ಕೊಟ್ಟ ದಾಖಲೆ.

ಅಷ್ಟರೊಳಗೆ ಲೈನ್‌ಮನ್ ಫ್ಯೂಸ್ ತೆಗೆಯಲು ಬಂದರೆ? ಅವರ ಕೈಯಲ್ಲಿರುವುದು ಕಚೇರಿ ಕೊಟ್ಟ ಪಟ್ಟಿ. ರಸೀದಿ ತೋರಿಸಿ, ಅವರೆದುರೇ ಸೆಕ್ಷನ್ ಆಫೀಸಿಗೆ ಇಲ್ಲವೇ 1912ಕ್ಕೆ ಫೋನ್ ಮಾಡಿ, ರಸೀದಿಯ ದಿನಾಂಕ ಮತ್ತು ಉದ್ದನೆಯ ಸಂಖ್ಯೆಯನ್ನು ಹೇಳಿ.

‘ನಿಮ್ಮ ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತ, ಈ ನಂಬರಿಗೆ ಕರೆ ಮಾಡಿ’ ಎಂದು ಯಾರದೋ ಮೊಬೈಲ್ ಸಂಖ್ಯೆಯಿಂದ ಎಸ್ಸೆಮ್ಮೆಸ್ ಬಂದರೆ ಅದು ಮೇಲಿನ ಯಾವ ಲೆಕ್ಕಕ್ಕೂ ಸೇರಿದ್ದಲ್ಲ, ಶುದ್ಧ ವಂಚನೆ. ಬಿಲ್ ಕಟ್ಟಿಯೂ ಬಾಕಿ ಕಾಣುವ ಗೊಂದಲ ಎಲ್ಲರಿಗೂ ಆಗುತ್ತದೆಂದು ಗೊತ್ತಿದ್ದವರೇ ಈ ಬಲೆ ಹೆಣೆದಿದ್ದಾರೆ. ಕರೆ ಮಾಡಿದರೆ ಫೋನನ್ನು ದೂರದಿಂದಲೇ ನೋಡಬಲ್ಲ ಯಾವುದೋ ಆ್ಯಪ್ ಹಾಕಿಸಿ, ಪರೀಕ್ಷೆಗೆಂದು ಹತ್ತು ರೂಪಾಯಿ ಕಟ್ಟಿ ಎನ್ನುತ್ತಾರೆ. ಬಾಕಿ ಇದೆಯೇ ಎಂದು ನೋಡಬೇಕಿದ್ದರೆ ಬಿಲ್ಲಿನಲ್ಲಿರುವ ಅಕೌಂಟ್ ಐಡಿಯನ್ನು ಎಸ್ಕಾಂ ವೆಬ್‌ಸೈಟ್‌ನಲ್ಲಿ ನೀವೇ ಹಾಕಿ ನೋಡಿ.