ಗುಡಿ ಟ್ರಸ್ಟಿಗೆ ನಾನು ಬರೆದ ಎರಡು ಪತ್ರ

ಹೋದ ವರ್ಷ ಪದವಿ ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಭಜನೆ. ಮಾನ್ವಿ ಕಡೆ ನಮ್ಮ ದೊಡ್ಡಮ್ಮನ ಊರಿದೆ. ಅಲ್ಲಿನ ಹನುಮಪ್ಪನ ಗುಡಿಯಲ್ಲಿ ಪ್ರತಿ ಶನಿವಾರ ರಾತ್ರಿ ಎಂಟಕ್ಕೆ ಭಜನೆ ಶುರುವಾಗುತ್ತದೆ. ಮಾನ್ವಿ ಜಗನ್ನಾಥದಾಸರ ಊರು, ಹಾಗಾಗಿ ದಾಸರ ಪದ ಇದ್ದೇ ಇರುತ್ತವೆ, ನಡುನಡುವೆ ತತ್ವಪದಗಳೂ ಬರುತ್ತವೆ. ಪುಸ್ತಕದಲ್ಲಿ ಅಚ್ಚಾದ ಸಾಲಿಗೂ ಇವರು ಹಾಡುವ ಸಾಲಿಗೂ ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ನೋಡುವುದು ನನ್ನ ಕೆಲಸ. ಅದಕ್ಕೆ ರೆಕಾರ್ಡಿಂಗ್ ಬೇಕು, ರೆಕಾರ್ಡಿಂಗಿಗೆ ಅನುಮತಿ ಬೇಕು.

ಸಣ್ಣವಳಿದ್ದಾಗಿಂದ ಅದೇ ಕಟ್ಟೆ ಮೇಲೆ ಆಡಿ ಬೆಳೆದವಳು, ಪತ್ರ ಕೊಡುವುದೆಲ್ಲ ಸುಮ್ನೆ ಶಾಸ್ತ್ರಕ್ಕೆ ಅಂದುಕೊಂಡಿದ್ದೆ. ಗೆಳತಿಯೊಬ್ಬಳ ಹಳೇ ಪತ್ರದಲ್ಲಿ ಹೆಸರು ಬದಲಿಸಿ, "ಶೈಕ್ಷಣಿಕ ಉದ್ದೇಶಕ್ಕಾಗಿ ತಮ್ಮ ದೇವಸ್ಥಾನದಲ್ಲಿ ಧ್ವನಿಮುದ್ರಣ ಹಾಗೂ ಚಿತ್ರೀಕರಣಕ್ಕೆ ಅನುಮತಿ ನೀಡಬೇಕೆಂದು" ಅಂತ ಬರೆದು, ಪೂಜಾರಿಯವರ ಕೈಗೆ ಕೊಟ್ಟು ಬಂದೆ. ಮೂರು ವಾರ ಸುದ್ದಿಯೇ ಇಲ್ಲ. ಕೇಳಲು ಹೋದರೆ ಪತ್ರ ಹುಂಡಿ ಪಕ್ಕದ ಗೂಡಿನಲ್ಲಿ ಎಣ್ಣೆ ಕಲೆ ಹಿಡಿದು ಬಿದ್ದಿತ್ತು.

ಕಾರ್ಯದರ್ಶಿಗಳ ಮನೆಗೇ ಹೋದೆ. ವಯಸ್ಸಾದವರು, ಪತ್ರ ಕಣ್ಣಿಗೆ ಹತ್ತಿರ ಹಿಡಿದು ಜೋರಾಗಿ ಓದಿದರು. ಚಿತ್ರೀಕರಣ ಅನ್ನುವಲ್ಲಿ ನಿಂತರು. "ಶೂಟಿಂಗ್ ಮಾಡ್ತೀಯೇನವಾ? ಲೈಟು ಗೀಟು ತರ್ತೀಯಾ?" ಅಂದರು. ಇಲ್ಲ ಅಜ್ಜಾರ, ಧ್ವನಿ ಮಾತ್ರ ಸಾಕು ಅಂದೆ. "ಮತ್ತ ಯಾಕ ಬರದಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನದು ಇನ್ನೂ ಕಷ್ಟದ ಪ್ರಶ್ನೆ. "ಶೈಕ್ಷಣಿಕ ಉದ್ದೇಶ ಅಂದ್ರ ಯಾರು ಕೇಳ್ತಾರ ಇದನ್ನ?" ಆಮೇಲೆ ಗೊತ್ತಾಯಿತು, ಹಿಂದೆ ಯಾರೋ ಬಂದು ಫೋನಿನಲ್ಲಿ ಹಿಡಿದುಕೊಂಡು ಹೋಗಿ, ಇವರ ಹಾಡಿಗೆ ಡಿಜೆ ಹೊಡೆತ ಸೇರಿಸಿ ರೀಲ್ ಮಾಡಿದ್ದರಂತೆ. ಪೇಟಿ ನುಡಿಸುವವರ ಮೊಮ್ಮಗನೇ ಅದನ್ನು ತಂದು ತೋರಿಸಿದ್ದನಂತೆ. ಅವರ ಸಿಟ್ಟು ನ್ಯಾಯವಾದದ್ದೇ ಅಲ್ವಾ?

ಎರಡನೇ ಪತ್ರ ಬರೆಯುವ ಮುಂಚೆ ಒಂದು ವಿಷಯ ವಿಚಾರಿಸಿಕೊಂಡೆ. ಗುಡಿ ಮುಜರಾಯಿಗೆ ಸೇರಿದ್ದೋ ಊರಿನ ಟ್ರಸ್ಟಿನದೋ ಅಂತ. ಮುಜರಾಯಿ ಗುಡಿ ಆದರೆ ಊರಿನ ಹಿರಿಯರು ಹೂಂ ಅಂದರೂ ಸಾಲದು, ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬೇಕಾಗುತ್ತದೆ. ದೊಡ್ಡ ಗುಡಿಗಳಲ್ಲಿ ಅದಕ್ಕೆ ಕಾರ್ಯನಿರ್ವಾಹಕ ಅಧಿಕಾರಿ ಇರುತ್ತಾರೆ. ಇದು ಟ್ರಸ್ಟಿನದು. ಅವರ ಸಭೆ ಅಮಾವಾಸ್ಯೆಗೊಮ್ಮೆ. ಅಂದರೆ ಅಮಾವಾಸ್ಯೆ ಮುಗಿದ ಮರುದಿನ ಪತ್ರ ಕೊಟ್ಟರೆ ಒಂದು ತಿಂಗಳು ಕಾಯಬೇಕು. ಮೊದಲ ಪತ್ರ ನಾನು ಕೊಟ್ಟಿದ್ದು ಹಾಗೆಯೇ.

ಈ ಸಲ ಒಂದೇ ಹಾಳೆ. "ಅಧ್ಯಕ್ಷರು ಮತ್ತು ಧರ್ಮದರ್ಶಿಗಳು" ಅಂತ ಬರೆದೆ, ಯಾರೊಬ್ಬರ ಹೆಸರೂ ಹಾಕಲಿಲ್ಲ, ಒಬ್ಬರ ಹೆಸರು ಹಾಕಿದರೆ ಉಳಿದವರಿಗೆ ಬೇಜಾರು. ವಿಷಯದ ಸಾಲಿನಲ್ಲಿ "ನಾಲ್ಕು ಶನಿವಾರ ಭಜನೆಯ ಧ್ವನಿ ಮಾತ್ರ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೋರಿ". ಒಳಗಿನ ಮುಖ್ಯ ಭಾಗ ಹೀಗಿತ್ತು:

"ಅಂಗೈಯಷ್ಟು ದೊಡ್ಡದಾದ ಒಂದು ರೆಕಾರ್ಡರ್ ತರುತ್ತೇನೆ. ಅದು ಬ್ಯಾಟರಿಯಲ್ಲಿ ನಡೆಯುತ್ತದೆ, ಗುಡಿಯ ಕರೆಂಟು ಬೇಡ, ಮೈಕ್ ಸೆಟ್ಟಿಗೂ ಜೋಡಿಸುವುದಿಲ್ಲ. ವಿಡಿಯೋ, ಫೋಟೋ ತೆಗೆಯುವುದಿಲ್ಲ. ಎಡಗಡೆ ಎರಡನೇ ಕಂಬದ ಹತ್ತಿರ ಕೂರುತ್ತೇನೆ, ಗರ್ಭಗುಡಿಯ ಕಡೆ ಬರುವುದಿಲ್ಲ. ರೆಕಾರ್ಡಿಂಗನ್ನು ನಾನು, ನನ್ನ ಮಾರ್ಗದರ್ಶಕರು ಮತ್ತು ಪರೀಕ್ಷಕರು ಮಾತ್ರ ಕೇಳುತ್ತೇವೆ. ಇಂಟರ್ನೆಟ್ಟಿಗೆ ಹಾಕುವುದಿಲ್ಲ. ಹಾಡುವವರಲ್ಲಿ ಯಾರೇ ಬೇಡ ಅಂದರೂ ಆ ಪದದ ಮಟ್ಟಿಗೆ ನಿಲ್ಲಿಸುತ್ತೇನೆ. ಪೂರ್ತಿ ರೆಕಾರ್ಡಿಂಗಿನ ಒಂದು ಪ್ರತಿ ಗುಡಿಗೆ ಕೊಡುತ್ತೇನೆ."

ಕೆಳಗೆ ನನ್ನ ಸಹಿ, ವಿಳಾಸ, ಫೋನ್ ನಂಬರು. ಅದರ ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ, ಪ್ರಾಂಶುಪಾಲರ ಸಹಿ ಮತ್ತು ಸೀಲು. ಸೀಲು ನೋಡಿದ ಮೇಲೆ ಮಾತಿನ ಧಾಟಿಯೇ ಬೇರೆ. ಎರಡು ಪ್ರತಿ ಮಾಡಿಸಿದ್ದೆ, ಒಂದರ ಮೇಲೆ "ತಲುಪಿದೆ" ಅಂತ ಕಾರ್ಯದರ್ಶಿಗಳಿಂದ ತಾರೀಖು ಸಮೇತ ಬರೆಸಿಕೊಂಡೆ. ಕೊಟ್ಟಿದ್ದು ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ.

ಕಂಬದ ವಿಷಯ ಸುಮ್ನೆ ಬರೆದಿದ್ದಲ್ಲ. ಮೊದಲೇ ಒಂದು ಶನಿವಾರ ಏನೂ ತರದೆ ಹೋಗಿ ಕೂತು ಕೇಳಿದ್ದೆ. ತಾಳದವರ ಹತ್ತಿರ ಕೂತರೆ ತಾಳದ ಝಣ್ ಝಣ್ ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ. ಬಾಗಿಲ ಹತ್ತಿರ ಹೋದರೆ ಹೊರಗಿನ ಸ್ಪೀಕರಿನ ದನಿ ಒಳಗಿನ ದನಿಯ ಮೇಲೆ ಬೀಳುತ್ತದೆ. ಆ ಎರಡನೇ ಕಂಬದ ಹತ್ತಿರ ಮಾತ್ರ ಪೇಟಿ, ಮುಂದೆ ಹಾಡುವವರು, ಹಿಂದೆ ಹೇಳುವವರು ಮೂರೂ ಬಿಡಿಬಿಡಿಯಾಗಿ ಕೇಳಿಸಿತು. ಕೂರುವ ಜಾಗ ಪತ್ರದಲ್ಲೇ ಇದ್ದುದರಿಂದ ಆಮೇಲೆ ಯಾರೂ ಅಲ್ಲಿಂದ ಏಳು ಅನ್ನಲಿಲ್ಲ.

ಸಭೆಯಲ್ಲಿ ಒಪ್ಪಿದರು. ಪತ್ರದ ಅಂಚಿನಲ್ಲೇ ಒಂದು ಷರತ್ತು ಬರೆದು ಕೊಟ್ಟರು: ಮಂಗಳಾರತಿ ಹೊತ್ತಿಗೆ ಬಂದ್ ಮಾಡಬೇಕು. ನನಗೂ ಒಳ್ಳೇದೇ ಆಯಿತು. ಗಂಟೆ, ಜಾಗಟೆ ಒಟ್ಟಿಗೆ ಬಡಿದರೆ ರೆಕಾರ್ಡರಿನ ಕೆಂಪು ದೀಪ ಹತ್ತಿಕೊಂಡು ಧ್ವನಿ ಒಡೆಯುತ್ತದೆ. ಒಮ್ಮೆ ಒಡೆದಿದ್ದನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ.

ಟ್ರಸ್ಟ್ ಒಪ್ಪಿದರೆ ಮುಗಿಯಿತು ಅಂತ ನಾನು ತಿಳಿದಿದ್ದೆ. ನಮ್ಮ ಮಾರ್ಗದರ್ಶಕರು ತಿದ್ದಿದರು. ಟ್ರಸ್ಟ್ ಕೊಡುವುದು ಜಾಗದ ಅನುಮತಿ, ದನಿ ಹಾಡುವವರದು. ದಾಸರ ಪದಕ್ಕೆ ಈಗ ಕಾಪಿರೈಟ್ ಇಲ್ಲ, ಬರೆದವರು ತೀರಿಕೊಂಡು 60 ವರ್ಷ ಯಾವಾಗಲೋ ದಾಟಿದೆ. ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡುವವರಿಗೇ ಬೇರೆ ಹಕ್ಕಿದೆ, ಅದು 50 ವರ್ಷ ಇರುತ್ತದೆ. ಪಾಠ, ಸಂಶೋಧನೆಗೆ ಮಾತ್ರ ರೆಕಾರ್ಡ್ ಮಾಡಿಕೊಳ್ಳಲು ಕಾಯ್ದೆಯಲ್ಲೇ ವಿನಾಯಿತಿ ಇದೆ. ಅದನ್ನೇ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿ ನಿಲ್ಲುವುದಿಲ್ಲ. ಇದು ತಿಳಿದ ಮೇಲೆ ಭಜನೆಗೆ ಬರುವ ಒಂಬತ್ತು ಜನರನ್ನೂ ಕೇಳಿದೆ. ಓದಲು ಬಾರದವರಿಗೆ ಪತ್ರ ಓದಿ ಹೇಳಿ, ಅವರ ಒಪ್ಪಿಗೆಯನ್ನು ರೆಕಾರ್ಡರಿನಲ್ಲೇ ಅವರ ಬಾಯಿಂದ ಹೇಳಿಸಿದೆ. ಅದು ಅವರಿಗೂ ಸರಾಗ ಅನ್ನಿಸಿತು, ಹೆಬ್ಬೆಟ್ಟು ಒತ್ತು ಅಂದರೆ ಸಾಲದ ಕಾಗದ ನೆನಪಾಗುತ್ತದೆ ಅಂತ ಒಬ್ಬರು ನಕ್ಕರು.

ಎರಡನೇ ಶನಿವಾರ ದಮ್ಮಡಿ ಬಾರಿಸುವ ಅಜ್ಜ ನನ್ನ ಕಡೆ ನೋಡಿ ಕೈ ಎತ್ತಿದರು. "ಇದೊಂದು ಬ್ಯಾಡವಾ. ಇದು ನಮ್ಮ ಗುರುಗಳು ಕಿವಿಯಾಗ ಹೇಳಿಕೊಟ್ಟದ್ದು." ಬಂದ್ ಮಾಡಿದೆ. ಮಾಡಿದ್ದು ಅವರಿಗೆ ಕಾಣಲಿ ಅಂತ ರೆಕಾರ್ಡರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಹೇಳಬೇಕೆಂದರೆ ಅವತ್ತು ಹಾಡಿದ್ದರಲ್ಲೇ ಚೆಂದದ ಪದ ಅದು, ಹೊಟ್ಟೆ ಉರಿಯಿತು. ಆದರೆ ಮುಂದಿನ ಶನಿವಾರದಿಂದ ಅದೇ ಅಜ್ಜ ಪ್ರತಿ ಪದ ಶುರುವಾಗುವ ಮುಂಚೆ ಇದು ಯಾರದು, ಯಾರಿಂದ ಕಲಿತದ್ದು ಅಂತ ಎರಡು ಮಾತು ಹೇಳತೊಡಗಿದರು. ನನ್ನ ಪ್ರಾಜೆಕ್ಟಿನ ಅರ್ಧ ಅಧ್ಯಾಯ ಆ ಮಾತುಗಳಿಂದಲೇ ಆಯಿತು.

ಕೊನೇ ಬಸ್ಸು ಏಳೂವರೆಗೇ ಹೋಗುತ್ತಿತ್ತು, ಹಾಗಾಗಿ ನಾಲ್ಕೂ ಶನಿವಾರ ದೊಡ್ಡಮ್ಮನ ಮನೆಯಲ್ಲೇ ಉಳಿದೆ.

ಪ್ರತಿ ಕೊಡುವುದರಲ್ಲೂ ಒಂದು ತಪ್ಪಾಯಿತು. ನನ್ನ ಫೈಲುಗಳು WAV, ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿ. ಹಾಗೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಗುಡಿಯ ಸೌಂಡ್ ಬಾಕ್ಸಿನಲ್ಲಿ ಹಾಡಲೇ ಇಲ್ಲ. "ಖಾಲಿ ಕೊಟ್ಟೀಯಲ್ಲವಾ" ಅಂದರು ಕಾರ್ಯದರ್ಶಿಗಳು. ಮರುವಾರ MP3 ಮಾಡಿ, ಪದದ ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಇಟ್ಟು ತಂದೆ. ಅಲ್ಲೇ ಹಾಕಿ ಕೇಳಿದರು. ಆಮೇಲೆ ನನ್ನ ಪ್ರತಿ ಇಸಿದುಕೊಂಡು, ಹಳೇ "ತಲುಪಿದೆ" ಕೆಳಗೆ ಇನ್ನೊಂದು "ತಲುಪಿದೆ" ಬರೆದು ತಾರೀಖು ಹಾಕಿದರು.