ಐದು ಡಬ್ಬಿಗೆ ಖಮ್ಸ್, ಐದು ಪೆಟ್ಟಿಗೆಗೆ ಖಮ್ಸತ್

ಸೌದಿಯ ದಮ್ಮಾಮ್‌ನಲ್ಲಿ ಒಂದು ಗೋದಾಮಿನ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಬಾಯಿಮಾತಿನ ಅರಬ್ಬಿ ಆರು ತಿಂಗಳಲ್ಲೇ ಬಂತು. ವಾಹಿದ್, ಇಥ್ನೇನ್, ಥಲಾಥಾ, ಅರ್ಬಆ, ಖಮ್ಸಾ, ಸಿತ್ತಾ, ಸಬ್ಆ, ಥಮಾನಿಯಾ, ತಿಸ್ಆ, ಅಶರಾ. ಒಂದರಿಂದ ಹತ್ತು ಕಲಿತಾಯ್ತು ಅಂದುಕೊಂಡೆ. ಆಮೇಲೆ ಮಾಲಿನ ರಸೀದಿಯನ್ನು ಅರಬ್ಬಿಯಲ್ಲಿ, ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯುವ ಕೆಲಸ ಬಂತು. ಅಲ್ಲಿ ಶುರುವಾಯಿತು ಪೇಚಾಟ.

ಮೊದಲ ರಸೀದಿಯಲ್ಲಿ ಐದು ಪೆಟ್ಟಿಗೆ, ಐದು ಡಬ್ಬಿ ಇದ್ದವು. ಪೆಟ್ಟಿಗೆಗೆ ಅರಬ್ಬಿಯಲ್ಲಿ ಸುನ್ದೂಕ್, ಅದು ಪುಲ್ಲಿಂಗ. ಡಬ್ಬಿಗೆ ಉಲ್ಬಾ, ಅದು ಸ್ತ್ರೀಲಿಂಗ. ಪದದ ಕೊನೆಯಲ್ಲಿ 'ಆ' ಎನ್ನಿಸುವ ತಾ ಮರ್ಬೂತಾ ಅಕ್ಷರ ಬಂದರೆ ಸಾಮಾನ್ಯವಾಗಿ ಸ್ತ್ರೀಲಿಂಗ ಎಂದು ನನಗೆ ಗೊತ್ತಿತ್ತು. ಹಾಗಾಗಿ 'ಆ' ಇರುವ ಖಮ್ಸಾ ಡಬ್ಬಿಗೆ, ಬೋಳು ಖಮ್ಸ್ ಪೆಟ್ಟಿಗೆಗೆ ಎಂದು ಜೋಡಿಸಿದೆ. ಅಕೌಂಟ್ಸ್ ನೋಡುತ್ತಿದ್ದ ಈಜಿಪ್ಟಿನವರು ಎರಡಕ್ಕೂ ಕೆಂಪು ಗೆರೆ ಹಾಕಿ, ಬಾಣದ ಗುರುತಿನಿಂದ ಅದಲುಬದಲು ಮಾಡಿದರು. ಸರಿಯಾದದ್ದು ಖಮ್ಸತ್ ಸನಾದೀಕ್, ಖಮ್ಸ್ ಉಲಬ್. ಸನಾದೀಕ್, ಉಲಬ್ ಆ ಎರಡು ಪದಗಳ ಬಹುವಚನ. ಪುಲ್ಲಿಂಗದ ವಸ್ತುವಿಗೆ ಸ್ತ್ರೀಲಿಂಗದಂತೆ ಕಾಣುವ ಸಂಖ್ಯೆ, ಸ್ತ್ರೀಲಿಂಗದ ವಸ್ತುವಿಗೆ ಬೋಳು ಸಂಖ್ಯೆ. ಮುಂದೆ ಪದ ಬಂದಾಗ ಆ 'ಆ' ತಾನೇ 'ಅತ್' ಆಗುತ್ತದೆ, ಅಷ್ಟೇ.

ಸಂಖ್ಯೆ ಬದಲಾಗುವುದೇ ನನಗೇನೂ ವಿಚಿತ್ರವಲ್ಲ. ನಾವೂ ಐದು ಪುಸ್ತಕ ಅಂತೀವಿ, ಆದರೆ ಐವರು ಮಕ್ಕಳು ಅಂತೀವಿ. ಹೀಗೆ ಉಲ್ಟಾ ಹೊಡೆಯುವುದು ಮಾತ್ರ ತಲೆಗೆ ಹತ್ತಲಿಲ್ಲ. ಇದು ಅರಬ್ಬಿಯೊಂದರ ಹಟವಲ್ಲ, ಅದರ ಅಕ್ಕತಂಗಿ ಭಾಷೆಯಾದ ಹೀಬ್ರೂನಲ್ಲೂ ಇದೇ ಕಥೆ ಅಂತ ಆಮೇಲೆ ತಿಳಿಯಿತು.

ಒಂದು, ಎರಡರಲ್ಲಿ ಈ ಗೊಡವೆ ಇಲ್ಲ. ಒಂದು ಎಂಬ ಸಂಖ್ಯೆ ವಿಶೇಷಣದ ಹಾಗೆ ವಸ್ತುವಿನ ಹೆಸರಾದ ಮೇಲೆ ಬಂದು ಲಿಂಗಕ್ಕೆ ಹೊಂದಿಕೊಳ್ಳುತ್ತದೆ: ಸುನ್ದೂಕ್ ವಾಹಿದ್, ಉಲ್ಬಾ ವಾಹಿದಾ. ಎರಡಕ್ಕಂತೂ ಸಂಖ್ಯೆಯೇ ಬೇಡ. ಸುನ್ದೂಕಾನ್ ಅಂದರೆ ಎರಡು ಪೆಟ್ಟಿಗೆ, ಉಲ್ಬತಾನ್ ಅಂದರೆ ಎರಡು ಡಬ್ಬಿ. ತಿರುಗುಮುರುಗು ಇರುವುದು ಮೂರರಿಂದ ಹತ್ತರವರೆಗೆ. ಅಲ್ಲಿ ವಸ್ತುವೂ ಬಹುವಚನದಲ್ಲಿರಬೇಕು.

ನಿಯಮ ಬಾಯಿಪಾಠವಾದ ಮೇಲೂ ತಪ್ಪು ನಿಲ್ಲಲಿಲ್ಲ. ಒಂದು ವಾರದ ರಸೀದಿಗಳನ್ನು ಹರಡಿಕೊಂಡು ಕೂತಾಗ ಕಾರಣ ಸಿಕ್ಕಿತು. ನಾನು ಬಹುವಚನ ನೋಡಿ ಲಿಂಗ ಊಹಿಸುತ್ತಿದ್ದೆ. ಉಲ್ಬಾದ ಬಹುವಚನ ಉಲಬ್. ಅದರಲ್ಲಿ ಕೊನೆಯ 'ಆ' ಇಲ್ಲ, ನೋಡಲು ಪುಲ್ಲಿಂಗದಂತಿದೆ. ರಿಯಾಲ್ ಪುಲ್ಲಿಂಗ, ಆದರೆ ಬಹುವಚನ ರಿಯಾಲಾತ್. 'ಆತ್' ಸಾಮಾನ್ಯವಾಗಿ ಸ್ತ್ರೀಲಿಂಗದ ಬಾಲ. ಅದಕ್ಕೆ ಮೋಸಹೋಗಿ ಖಮ್ಸ್ ರಿಯಾಲಾತ್ ಎಂದು ಬರೆದಿದ್ದೆ. ಲಿಂಗ ನೋಡಬೇಕಾದ್ದು ಏಕವಚನದಲ್ಲಿ. ರಿಯಾಲ್ ಪುಲ್ಲಿಂಗ ಅಂದಮೇಲೆ ಖಮ್ಸತ್ ರಿಯಾಲಾತ್.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಸಾಲಿಗೆ ಮೂರು ಮನೆ ಮಾಡಿದೆ. ಮೊದಲು ಏಕವಚನ, ನಡುವೆ ಬಹುವಚನ, ಕೊನೆಗೆ ಐದರ ಜೊತೆ ಪೂರ್ತಿ. ಕೀಸ್, ಅಕ್ಯಾಸ್, ಖಮ್ಸತ್ ಅಕ್ಯಾಸ್. ಅದು ಚೀಲ. ಗೋದಾಮಿನಲ್ಲಿದ್ದ ನಲವತ್ತು ಚಿಲ್ಲರೆ ಸಾಮಾನಿಗೂ ಹೀಗೆ ಬರೆದೆ. ಬರೆಯುವ ಮುಂಚೆ ಮೊದಲ ಮನೆ ಮಾತ್ರ ನೋಡುವುದು. ಎಂಟು, ಹತ್ತಕ್ಕೆ ಬೇರೆ ಚೀಟಿ ಅಂಟಿಸಬೇಕಾಯಿತು. ಎಂಟರ ಬೋಳು ರೂಪ ಥಮಾನೀ ಉಲಬ್, ಅಲ್ಲಿ 'ಈ' ಉಳಿಯುತ್ತದೆ. ಹತ್ತು ಅಶರತ್ ಸನಾದೀಕ್, ಆದರೆ ಅಶ್ರ್ ಉಲಬ್. ನಡುವಿನ ಸ್ವರವೂ ಬಿದ್ದುಹೋಗುತ್ತದೆ.

ನೋಟ್‌ಬುಕ್ಕಿಗಿಂತ ಜಾಸ್ತಿ ನೆರವಾದದ್ದು ರೂಮಿನಲ್ಲಿದ್ದ ಭಟ್ಕಳದ ಗೆಳೆಯ. ನನ್ನ ಗೋಳು ಕೇಳಿ ಕುರಾನಿನ 69ನೇ ಅಧ್ಯಾಯದ 7ನೇ ವಾಕ್ಯ ಹೇಳಿದ. ಆದ್ ಜನಾಂಗದ ಮೇಲೆ ಬೀಸಿದ ಬಿರುಗಾಳಿಯ ಮಾತು ಅದು: ಸಬ್ಅ ಲಯಾಲಿನ್ ವ ಥಮಾನಿಯತ ಅಯ್ಯಾಮಿನ್. ಏಳು ರಾತ್ರಿ, ಎಂಟು ಹಗಲು. ರಾತ್ರಿ, ಅಂದರೆ ಲೈಲಾ, ಸ್ತ್ರೀಲಿಂಗ, ಅದಕ್ಕೆ ಏಳು ಬೋಳು. ಹಗಲು, ಅಂದರೆ ಯೌಮ್, ಪುಲ್ಲಿಂಗ, ಅದಕ್ಕೆ ಎಂಟಕ್ಕೆ ಬಾಲ. ಎರಡೂ ಒಂದೇ ಉಸಿರಿನಲ್ಲಿ. "ಚಿಕ್ಕಂದಿನಿಂದ ಓದ್ತಿದ್ದೀನಿ ಮಾರಾಯ, ಇದನ್ನ ಗಮನಿಸೇ ಇರಲಿಲ್ಲ" ಅಂದ. ಈಗಲೂ ಅನುಮಾನ ಬಂದರೆ ಮನಸ್ಸಿನಲ್ಲೇ ಆ ಸಾಲು ಹೇಳಿಕೊಳ್ಳುತ್ತೇನೆ.

ಇಷ್ಟು ದಿನ ಇದು ನನ್ನ ಕಿವಿಗೆ ಬೀಳದೇ ಇದ್ದದ್ದೇಕೆ ಎಂದು ಈಜಿಪ್ಟಿನವರನ್ನೇ ಕೇಳಿದೆ. ಅವರ ಊರಿನ ಮಾತಿನಲ್ಲಿ ವಸ್ತುವಿನ ಮುಂದೆ ಯಾವ ಲಿಂಗಕ್ಕೂ ಗಿಡ್ಡ ರೂಪವೇ ಅಂತೆ. ಪುಸ್ತಕಕ್ಕೂ ಖಮಸ್, ಹುಡುಗಿಯರಿಗೂ ಖಮಸ್. ಈ ಕಟ್ಟುನಿಟ್ಟು ಬರವಣಿಗೆಗೆ, ವಾರ್ತೆಗೆ. ದಮ್ಮಾಮ್‌ನ ಅಂಗಡಿಯಲ್ಲಿ ಎಲ್ಲರೂ ಖಮ್ಸಾ ರಿಯಾಲ್ ಅಂತಾರೆ, ನಡೆದುಹೋಗುತ್ತದೆ. ಒಮ್ಮೆ ಸುಮ್ನೆ ಖಮ್ಸತ್ ರಿಯಾಲಾತ್ ಅಂದು ನೋಡಿದೆ. ಗಲ್ಲಾದಲ್ಲಿದ್ದವನು ತಲೆಯೆತ್ತಿ, ಚಿಲ್ಲರೆ ಕೊಡುತ್ತಾ, "ನೀವು ಮದರಸಾ ಮೇಷ್ಟ್ರಾ?" ಅಂತ ಕೇಳಿದ.