ಸೀಟಿಯಿಂದ ಗೋಡೆಯವರೆಗೆ: ಫ್ರೀ ಕಿಕ್ ಹೊತ್ತಲ್ಲಿ ಏನೇನು ನಡೆಯುತ್ತದೆ?

2023ರ ಮಾರ್ಚ್ 3ರ ರಾತ್ರಿ, ಬೆಂಗಳೂರಿನ ಕಂಠೀರವ ಸ್ಟೇಡಿಯಂ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ಫುಟ್‌ಬಾಲ್ ನಾಕೌಟ್ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಬಾಕ್ಸ್ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ಗೋಡೆ, ಅಂದರೆ ಚೆಂಡಿಗೆ ಅಡ್ಡಲಾಗಿ ನಿಲ್ಲುವ ತಮ್ಮ ಆಟಗಾರರ ಸಾಲು, ಸರಿಪಡಿಸುತ್ತಿದ್ದರು. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫರಿ ಗೋಲ್ ಕೊಟ್ಟರು, ಕೇರಳದವರು ಮೈದಾನ ಬಿಟ್ಟು ನಡೆದರು. ಆ ಗೋಲು ಹೇಗೆ ನಿಂತಿತು ಅಂತ ತಿಳಿಯಬೇಕಾದರೆ ಫೌಲ್ ಆದ ಕ್ಷಣದಿಂದಲೇ ಶುರು ಮಾಡಬೇಕು.

ಮೊದಲು: ಸೀಟಿ ಊದಬೇಕೋ, ಬೇಡವೋ

ಫೌಲ್ ಆದ ಕೂಡಲೇ ರೆಫರಿ ಸೀಟಿ ಊದಲೇಬೇಕು ಎಂದೇನಿಲ್ಲ. ಸ್ಟ್ರೈಕರ್‌ನ ಶರ್ಟ್ ಎಳೆದರು, ಆದರೆ ಚೆಂಡು ಪಕ್ಕದಲ್ಲಿ ಓಡುತ್ತಿದ್ದ ಜೊತೆಗಾರನಿಗೆ ಸಿಕ್ಕಿತು, ಮುಂದೆ ಜಾಗ ಖಾಲಿ ಇದೆ ಎಂದುಕೊಳ್ಳಿ. ಆಗ ಸೀಟಿ ಊದಿದರೆ ತಪ್ಪು ಮಾಡಿದವನಿಗೇ ಲಾಭ ಅಲ್ವಾ? ಅದಕ್ಕೇ ರೆಫರಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಆಟ ನಡೆಯಲು ಬಿಡುತ್ತಾರೆ. ಇದೇ ಅಡ್ವಾಂಟೇಜ್. ಒಂದೆರಡು ಸೆಕೆಂಡಿನಲ್ಲಿ ಆ ಲಾಭ ಕೈಗೂಡಲಿಲ್ಲ ಎಂದರೆ ಹಿಂದಕ್ಕೆ ಬಂದು ಫೌಲ್ ಆದ ಜಾಗದಲ್ಲೇ ಫ್ರೀ ಕಿಕ್ ಕೊಡಬಹುದು.

ಗ್ಯಾಲರಿಯಲ್ಲಿ ಜಾಸ್ತಿ ಕೂಗಾಟ ಆಗುವುದು ಇಲ್ಲೇ. ಜೊತೆಗಾರ ಆರಾಮಾಗಿ ಗುರಿಯಿಟ್ಟು ಹೊಡೆದು ಹೊರಗೆ ಕಳಿಸಿದರೆ ಫ್ರೀ ಕಿಕ್ ವಾಪಸ್ ಬರುವುದಿಲ್ಲ. ಅವಕಾಶ ಸಿಕ್ಕಿತ್ತು, ಕಳೆದುಕೊಂಡದ್ದು ಅವನೇ.

ಆಮೇಲೆ: ರೆಫರಿಯ ಕೈ ನೋಡಿ

ಒದೆಯುವುದು, ತಳ್ಳುವುದು, ಕಾಲು ಅಡ್ಡ ಹಾಕಿ ಬೀಳಿಸುವುದು, ಹಿಡಿದೆಳೆಯುವುದು, ಹ್ಯಾಂಡ್‌ಬಾಲ್ ಇವಕ್ಕೆಲ್ಲ ಡೈರೆಕ್ಟ್ ಫ್ರೀ ಕಿಕ್. ನೇರವಾಗಿ ಗೋಲಿಗೆ ಹೊಡೆಯಬಹುದು. ಆಫ್‌ಸೈಡ್‌ಗೆ, ಅಥವಾ ಜೊತೆಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದರೆ ಇನ್‌ಡೈರೆಕ್ಟ್. ಆಗ ರೆಫರಿ ಒಂದು ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ಇನ್ನೊಬ್ಬ ಆಟಗಾರನಿಗೆ ಚೆಂಡು ತಗಲದೆ ಎದುರಾಳಿಯ ಬಲೆಗೆ ಹೋದರೆ ಗೋಲಿಲ್ಲ, ಗೋಲ್ ಕಿಕ್. ಗೋಡೆಯಲ್ಲಿ ನಿಂತವನ ಕಾಲಿಗೆ ಸವರಿ ಹೋದರೂ ಸಾಕು, ಗೋಲೇ. ಹಾಗಾಗಿ ಇನ್‌ಡೈರೆಕ್ಟ್ ಕಿಕ್ ನೇರ ಗೋಲಿನತ್ತ ಬಂದರೆ ಕೀಪರ್ ಅದನ್ನು ಮುಟ್ಟದೆ ಬಿಡುವುದೇ ಜಾಣತನ. ಹೇಳುವುದು ಸುಲಭ, ಆ ಗಳಿಗೆಯಲ್ಲಿ ಕೈ ಕಟ್ಟಿ ನಿಲ್ಲುವುದು ಕಷ್ಟ.

ಗೋಡೆಗಾಗಿ ಕಾಯಬೇಕಾ?

ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು. ಹತ್ತು ಗಜ, ಅಂದರೆ ಹೆಚ್ಚೂಕಡಿಮೆ ಹತ್ತು ದೊಡ್ಡ ಹೆಜ್ಜೆ. ಆದರೆ ಈ ದೂರ ಹೊಡೆಯುವವನಿಗೆ ಸಿಕ್ಕ ಹಕ್ಕು. ಗೋಡೆ ಕಟ್ಟುವವರಿಗೆ ಅಷ್ಟು ಸಮಯ ಕೊಡಬೇಕು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಚೆಂಡು ನಿಂತಿದ್ದರೆ ತಕ್ಷಣ ಹೊಡೆಯಬಹುದು. ಹೊಡೆಯುವವನು ದೂರ ಕೇಳಿದರೆ, ಅಥವಾ ರೆಫರಿಯೇ ‘ಸೀಟಿಗೆ ಕಾಯಿ’ ಎಂದರೆ ಮಾತ್ರ ಕಾಯಬೇಕು. ಕಂಠೀರವದ ಜಗಳವೆಲ್ಲ ಇದೇ ಪ್ರಶ್ನೆಯ ಸುತ್ತ. ಕಾಯಬೇಕಿರಲಿಲ್ಲ ಎಂಬುದು ರೆಫರಿಯ ತೀರ್ಮಾನ. ಬೆಂಗಳೂರು 1-0ಯಿಂದ ಗೆದ್ದಿತು. ಹೊರನಡೆದದ್ದಕ್ಕೆ ಕೇರಳಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಹಾಗಾಗಿ ಫೌಲ್ ಆದೊಡನೆ ಒಬ್ಬರು ಚೆಂಡಿನ ಮೇಲೆ ಕಣ್ಣಿಟ್ಟಿರಬೇಕು, ಎಲ್ಲರೂ ಕೀಪರ್ ಕಡೆ ತಿರುಗಿಬಿಟ್ಟರೆ ಕೆಟ್ಟಿತು. ಹಾಗಂತ ಬೇಕೆಂದೇ ಚೆಂಡಿಗೆ ಅಡ್ಡ ನಿಂತು ಕಿಕ್ ತಡೆದರೆ ಹಳದಿ ಕಾರ್ಡ್.

ಗೋಡೆಗೆ ಎಷ್ಟು ಜನ?

ಲೆಕ್ಕ ಹಾಕೋಣ. ಚೆಂಡು ಗೋಲಿನ ನೇರಕ್ಕೆ 20 ಮೀಟರ್ ದೂರದಲ್ಲಿದೆ. ಗೋಲಿನ ಅಗಲ 7.32 ಮೀಟರ್. ಚೆಂಡಿನಿಂದ ಎರಡೂ ಕಂಬಗಳಿಗೆ ಗೆರೆ ಎಳೆದರೆ, ಗೋಡೆ ನಿಲ್ಲುವ ಜಾಗದಲ್ಲಿ ಆ ಗೆರೆಗಳ ನಡುವೆ ಇರುವುದು ಸುಮಾರು 3.35 ಮೀಟರ್ ಅಷ್ಟೇ. ಗೋಡೆ ಮುಚ್ಚಬೇಕಾದದ್ದು ಅದರ ಅರ್ಧ, ಉಳಿದರ್ಧ ಕೀಪರ್ ಪಾಲಿಗೆ. ಒಬ್ಬ ಆಟಗಾರ ಅರ್ಧ ಮೀಟರ್ ಅಗಲ ಎಂದರೆ ಮೂರರಿಂದ ನಾಲ್ಕು ಜನ. ಚೆಂಡು ಹೊರಗಿನಿಂದ ಬಾಗಿ ಬರುವುದಕ್ಕೆ ಇನ್ನೊಬ್ಬ. ಹೀಗೆ ನಾಲ್ಕೈದು. ಮೈದಾನದ ಅಂಚಿನ ಕಡೆಯಾದರೆ ಕೋನ ಕಿರಿದಾಗುವುದರಿಂದ ಇಬ್ಬರೇ ಸಾಕು.

ಸಾಲು ಹೊಂದಿಸುವುದು ಕೀಪರ್ ಕೆಲಸ. ಗೋಡೆ ಮುಚ್ಚುವ ಬದಿಯ ಕಂಬದ ಹತ್ತಿರ ನಿಂತು, ಚೆಂಡಿನ ಕಡೆ ನೋಡುತ್ತಾ ಗೋಡೆಯನ್ನು ಕೈಸನ್ನೆಯಿಂದ ಸರಿಸುತ್ತಾರೆ. ಹೊರತುದಿಯವನು ಚೆಂಡು-ಕಂಬದ ಗೆರೆಗಿಂತ ಸ್ವಲ್ಪ ಆಚೆ ನಿಲ್ಲಬೇಕು, ಪಕ್ಕದವನು ಆ ಗೆರೆಯ ಮೇಲೇ. ಆಮೇಲೆ ಕೀಪರ್ ತನ್ನ ಪಾಲಿನ ಕಡೆಗೆ ಸರಿದು, ಚೆಂಡು ಕಾಣುವ ಜಾಗದಲ್ಲಿ ನಿಲ್ಲುತ್ತಾರೆ. ಗೋಡೆ ತುಂಬಾ ಉದ್ದವಾದರೆ ಕೀಪರ್‌ಗೇ ಚೆಂಡು ಕಾಣುವುದಿಲ್ಲ, ಹೊಡೆತ ಗೋಡೆ ದಾಟಿದ ಮೇಲೆ ಹಾರಬೇಕಾಗುತ್ತದೆ. ಗೋಡೆಯಲ್ಲಿ ಮೂವರು ಅಥವಾ ಜಾಸ್ತಿ ಜನ ಇದ್ದರೆ, 2019ರಿಂದ ದಾಳಿ ಮಾಡುವ ತಂಡದವರು ಅದರಿಂದ ಒಂದು ಮೀಟರ್ ದೂರ ಇರಬೇಕು. ಮುಂಚಿನಂತೆ ಸಾಲಿನೊಳಗೆ ನುಗ್ಗಿ ತಳ್ಳಾಡುವ ಹಾಗಿಲ್ಲ.

ಉಳಿದದ್ದು ಗೋಡೆ ಹಾರಿದಾಗ ಕಾಲಡಿಯಲ್ಲಿ ಆಗುವ ಖಾಲಿ ಜಾಗ. 2018ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಸುವಾರೆಜ್ ಸರಿಯಾಗಿ ಅಲ್ಲಿಗೇ ಹೊಡೆದರು. ಇಂಟರ್ ತಂಡದ ಬ್ರೊಜೊವಿಚ್ ಅಷ್ಟರಲ್ಲಿ ಗೋಡೆಯ ಹಿಂದೆ ನೆಲದ ಮೇಲೆ ಜಾರಿ ಅಡ್ಡ ಬಿದ್ದಿದ್ದರು. ಚೆಂಡು ಅವರಿಗೆ ತಗಲಿ ನಿಂತಿತು.